ಹಿಮೋಗ್ಲೋಬಿನ್ ಕಡಿಮೆ, ಫೆರಿಟಿನ್ ನಾರ್ಮಲ್: ಸಿಬಿಸಿ ರಿಪೋರ್ಟ್ ಓದುವುದು ಹೇಗೆ?

ಪಾಂಡವಪುರದ ಹತ್ತಿರದ ಹಳ್ಳಿಯಿಂದ ನಮ್ಮ ದೊಡ್ಡಮ್ಮ ಮೈಸೂರಿಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ರಕ್ತಪರೀಕ್ಷೆಯ ಎರಡು ರಿಪೋರ್ಟು, ಅರ್ಧ ಮುಗಿದ ಟಾನಿಕ್ ಬಾಟಲಿ, ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ತಗೊಂಡಿದ್ದ ಮಾತ್ರೆಯ ಪಟ್ಟಿ. ಕೂತವರೇ ಕೇಳಿದರು: "ರಕ್ತ ಕಮ್ಮಿ ಐತೆ ಅಂತಾರೆ. ಕಬ್ಬಿಣ ಸರಿಯಾಗೈತೆ ಅಂತಾನೂ ಅಂತಾರೆ. ಹಂಗಾದ್ರೆ ನಂಗ್ಯಾಕೆ ಮಗ ಇಷ್ಟು ಸುಸ್ತು?"

ನಾನು ಲ್ಯಾಬ್ ಟೆಕ್ನಿಷಿಯನ್. ಈ ಪ್ರಶ್ನೆಯನ್ನು ಕೌಂಟರಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಿಮೋಗ್ಲೋಬಿನ್ ಮುಂದೆ ಕಡಿಮೆ ಅಂತ ಗುರುತು ಇರುತ್ತದೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮುಂದೆ ಯಾವ ಗುರುತೂ ಇರುವುದಿಲ್ಲ. ಜನ ಅಲ್ಲಿಗೇ ನಿಂತುಬಿಡುತ್ತಾರೆ. ಆದರೆ ಉತ್ತರ ಹೆಚ್ಚಾಗಿ ಸಿಬಿಸಿ ಅನ್ನುವ ರಕ್ತಕಣಗಳ ಲೆಕ್ಕದ ಹಾಳೆಯಲ್ಲೇ, ಯಾರೂ ನೋಡದ ಸಾಲುಗಳಲ್ಲಿ ಇರುತ್ತದೆ. ದೊಡ್ಡಮ್ಮನ ರಿಪೋರ್ಟನ್ನೇ ಇಟ್ಟುಕೊಂಡು ಆ ಸಾಲುಗಳನ್ನು ಓದೋಣ.

ಮೊದಲು: ಈ ಅಂಕಿಯನ್ನು ನಂಬಬಹುದಾ?

ಹೆಸರು, ವಯಸ್ಸು, ಗಂಡು ಅಥವಾ ಹೆಣ್ಣು, ರಕ್ತ ಕೊಟ್ಟ ತಾರೀಕು ಇವನ್ನು ನೋಡಿ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಬರುವುದು ನಮ್ಮ ಕಡೆ ಮಾಮೂಲಿ.

ಆಮೇಲೆ ಒಂದು ಸಣ್ಣ ಲೆಕ್ಕ. ಹಿಮೋಗ್ಲೋಬಿನ್ನನ್ನು 3ರಿಂದ ಗುಣಿಸಿದರೆ ಹೆಚ್ಚುಕಡಿಮೆ ಪಿಸಿವಿ ಬರಬೇಕು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅನ್ನುವುದೇ ಪಿಸಿವಿ. ಕೆಲವು ಲ್ಯಾಬ್‌ಗಳು ಇದನ್ನೇ ಹೆಮಟೋಕ್ರಿಟ್ ಅಂತ ಬರೆಯುತ್ತವೆ. ಎರಡು ಮೂರು ಅಂಕಿ ಆಚೀಚೆ ಆದರೆ ಪರವಾಗಿಲ್ಲ. ತುಂಬಾ ದೂರ ಹೋದರೆ ಎರಡು ಸಾಧ್ಯತೆ ಇದೆ. ಕೆಂಪು ಕಣಗಳ ಗಾತ್ರದಲ್ಲೇ ದೊಡ್ಡ ವ್ಯತ್ಯಾಸ ಇರಬಹುದು, ಇಲ್ಲವೇ ಸ್ಯಾಂಪಲ್ ಕೆಟ್ಟಿರಬಹುದು.

ಸ್ಯಾಂಪಲ್ ಹೇಗೆ ಕೆಡುತ್ತದೆ? ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತೇವೆ. ರಕ್ತ ಹೆಪ್ಪುಗಟ್ಟದ ಹಾಗೆ ಅದರಲ್ಲಿ ಔಷಧಿ ಇರುತ್ತದೆ. ರಕ್ತ ತುಂಬಿದ ತಕ್ಷಣ ಟ್ಯೂಬನ್ನು ನಿಧಾನವಾಗಿ ಎಂಟು ಹತ್ತು ಸಲ ತಿರುಗಿಸಬೇಕು. ತಿರುಗಿಸದಿದ್ದರೆ ಒಳಗೆ ಸಣ್ಣ ಗಂಟು ಕಟ್ಟಿಕೊಂಡು ಪ್ಲೇಟ್‌ಲೆಟ್ ಸುಮ್ನೆ ಕಡಿಮೆ ತೋರಿಸುತ್ತದೆ. ಡ್ರಿಪ್ ಹಾಕಿದ ಕೈಯಿಂದಲೇ ತೆಗೆದರೆ ರಕ್ತ ನೀರಾಗಿ ಹಿಮೋಗ್ಲೋಬಿನ್ ಕಡಿಮೆ ಬರುತ್ತದೆ. ಕ್ಯಾಂಪುಗಳಲ್ಲಿ ಬೆರಳು ಚುಚ್ಚಿ ನೋಡುವ ಮಿಷನ್ನಿನಲ್ಲೂ ಬೆರಳನ್ನು ಜೋರಾಗಿ ಹಿಂಡಿದರೆ ಅದೇ ಆಗಬಹುದು. ಹಾಗಾಗಿ ಕ್ಯಾಂಪಿನ ಅಂಕಿಯನ್ನು ಎಚ್ಚರಿಕೆ ಅಂತ ತಗೊಳ್ಳಿ. ತೀರ್ಮಾನಕ್ಕೆ ಸಿಬಿಸಿಯೇ ಬೇಕು.

ದೊಡ್ಡಮ್ಮನ ಹಿಮೋಗ್ಲೋಬಿನ್ 9.6, ಪಿಸಿವಿ 30.4. ಮೂರರಿಂದ ಗುಣಿಸಿದರೆ 28.8. ಹತ್ತಿರವೇ ಇದೆ. ಮುಂದೆ ಹೋಗಬಹುದು.

ಹಿಮೋಗ್ಲೋಬಿನ್: ಎಷ್ಟು ಕಡಿಮೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡ ಗಂಡಸರಿಗೆ 13ಕ್ಕಿಂತ, ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗರ್ಭಿಣಿಯರಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಗಡಿ ಇನ್ನೂ ಕೆಳಗೆ, ಸುಮಾರು 11. ಗರ್ಭಿಣಿಯಲ್ಲದ ಹೆಂಗಸರಲ್ಲಿ 11ರಿಂದ 12ರ ಒಳಗೆ ಇದ್ದರೆ ಸೌಮ್ಯ, 8ರಿಂದ 11ರವರೆಗೆ ಮಧ್ಯಮ, 8ರ ಕೆಳಗೆ ತೀವ್ರ.

ಆದರೆ ಈ ಸಾಲು "ಕಡಿಮೆ ಇದೆ" ಅಂತ ಮಾತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಹಳೆಯ ರಿಪೋರ್ಟ್ ಇದ್ದರೆ ಪಕ್ಕಕ್ಕಿಟ್ಟು ನೋಡಿ. ಹತ್ತು ವರ್ಷದಿಂದ 10.8 ಇರುವುದೇ ಬೇರೆ, ಆರು ತಿಂಗಳಲ್ಲಿ 12.4ರಿಂದ 9.6ಕ್ಕೆ ಇಳಿಯುವುದೇ ಬೇರೆ. ದೊಡ್ಡಮ್ಮನದು ಎರಡನೆಯದು.

ಗಾತ್ರ, ಎಣಿಕೆ, ಏರುಪೇರು: ಮೂರನ್ನೂ ಒಟ್ಟಿಗೆ ಓದಬೇಕು

ಯಾಕೆ ಅನ್ನುವುದನ್ನು ಹೇಳುವ ಸಾಲುಗಳು ಇವು. ನನ್ನ ಕೈಗೆ ರಿಪೋರ್ಟ್ ಬಂದರೆ ಹಿಮೋಗ್ಲೋಬಿನ್ ಆದಮೇಲೆ ಕಣ್ಣು ಹೋಗುವುದು ಇಲ್ಲಿಗೇ.

ಎಂಸಿವಿ ಅಂದರೆ ಒಂದು ಕೆಂಪು ಕಣದ ಸರಾಸರಿ ಗಾತ್ರ. ದೊಡ್ಡವರಲ್ಲಿ 80ರಿಂದ 100 ಸರಿ. 80ರ ಕೆಳಗೆ ಇದ್ದರೆ ಕಣ ಸಣ್ಣ, 100ರ ಮೇಲೆ ಇದ್ದರೆ ದಪ್ಪ.

ಆರ್‌ಬಿಸಿ ಕೌಂಟ್ ಅಂದರೆ ಕೆಂಪು ಕಣಗಳ ಎಣಿಕೆ. 4.0 ಅಂತ ಇದ್ದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 40 ಲಕ್ಷ ಕಣ ಅಂತ ಅರ್ಥ.

ಆರ್‌ಡಿಡಬ್ಲ್ಯೂ ಅಂದರೆ ಗಾತ್ರದ ಏರುಪೇರು. ಮುದ್ದೆ ಕಟ್ಟುವುದನ್ನು ನೆನೆಸಿಕೊಳ್ಳಿ. ಪಳಗಿದ ಕೈಯವರು ಕಟ್ಟಿದ ಹತ್ತು ಮುದ್ದೆಯೂ ಒಂದೇ ಸಮ ಇರುತ್ತವೆ. ಹಿಟ್ಟು ಸಾಲದೇ ಬಂದಾಗ ಒಂದು ದೊಡ್ಡದು, ಒಂದು ನಿಂಬೆಹಣ್ಣಿನಷ್ಟು ಆಗುತ್ತದೆ. ರಕ್ತದಲ್ಲೂ ಹಾಗೇ. ಸಾಮಗ್ರಿ ಕಡಿಮೆಯಾಗುತ್ತಾ ಬಂದಾಗ ಹಳೆಯ ಸರಿಗಾತ್ರದ ಕಣ, ಹೊಸ ಸಣ್ಣ ಕಣ ಎರಡೂ ಬೆರೆತು ಆರ್‌ಡಿಡಬ್ಲ್ಯೂ ಏರುತ್ತದೆ. ಸಾಮಾನ್ಯವಾಗಿ 14.5ರ ಒಳಗೆ ಇರಬೇಕು.

ದೊಡ್ಡಮ್ಮನ ಎಂಸಿವಿ 76, ಆರ್‌ಬಿಸಿ 4.0, ಆರ್‌ಡಿಡಬ್ಲ್ಯೂ 17.2. ಕಣ ಸಣ್ಣ, ಎಣಿಕೆ ಜಾಸ್ತಿ ಇಲ್ಲ, ಗಾತ್ರ ಏರುಪೇರು. ಕಬ್ಬಿಣ ಸಾಲದೇ ಬಂದಾಗ ಕಾಣುವ ಚಿತ್ರವೇ ಇದು. ಆದರೆ ಫೆರಿಟಿನ್ ನಾರ್ಮಲ್! ರಿಪೋರ್ಟಿನ ಎರಡು ಭಾಗ ಒಂದಕ್ಕೊಂದು ಒಪ್ಪುತ್ತಿಲ್ಲ. ಹೀಗಾದಾಗ ಫೆರಿಟಿನ್ ಒಂದನ್ನೇ ನಂಬಿ ಫೈಲ್ ಮುಚ್ಚಬಾರದು.

ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಬಗ್ಗೆ ಇಲ್ಲಿ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಬಿಳಿ ಕಣ 4,000ದಿಂದ 11,000, ಪ್ಲೇಟ್‌ಲೆಟ್ 1.5ರಿಂದ 4.5 ಲಕ್ಷ ಇರಬೇಕು. ಹಿಮೋಗ್ಲೋಬಿನ್ ಜೊತೆ ಇವೆರಡೂ ಇಳಿದಿದ್ದರೆ ರಕ್ತ ಹುಟ್ಟುವ ಮೂಳೆಮಜ್ಜೆಯಲ್ಲೇ ತೊಂದರೆ ಇರಬಹುದು. ಬಿ12 ತುಂಬಾ ಕಡಿಮೆಯಾದರೂ ಹೀಗಾಗುತ್ತದೆ. ಏನೇ ಆದರೂ ಆ ರಿಪೋರ್ಟನ್ನು ಆ ವಾರವೇ ವೈದ್ಯರಿಗೆ ತೋರಿಸಬೇಕು. ದೊಡ್ಡಮ್ಮನ ಬಿಳಿ ಕಣ ಸರಿಯಿತ್ತು. ಪ್ಲೇಟ್‌ಲೆಟ್ 4.6 ಲಕ್ಷ, ಗಡಿಗಿಂತ ಚೂರು ಮೇಲೆ. ಕಬ್ಬಿಣ ಕಡಿಮೆ ಇದ್ದಾಗಲೂ, ದೇಹದಲ್ಲಿ ಉರಿಯೂತ ಇದ್ದಾಗಲೂ ಪ್ಲೇಟ್‌ಲೆಟ್ ಹೀಗೆ ಏರುತ್ತದೆ.

ಫೆರಿಟಿನ್ ನಾರ್ಮಲ್ ಅಂದರೆ ನಿಜವಾಗಿ ಏನು?

ಫೆರಿಟಿನ್ ಅಂದರೆ ಕಬ್ಬಿಣ ಕೂಡಿಟ್ಟುಕೊಳ್ಳುವ ಪ್ರೋಟೀನ್. ರೇಷನ್ ಗೋಡೌನಿನಲ್ಲಿ ಎಷ್ಟು ಮೂಟೆ ಅಕ್ಕಿ ಇದೆ ಅನ್ನುವ ಲೆಕ್ಕದ ಹಾಗೆ. ಆರೋಗ್ಯವಾಗಿರುವವರಲ್ಲಿ ಈ ಲೆಕ್ಕ ಸರಿಯಾಗೇ ಇರುತ್ತದೆ. 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಖಾಲಿ, ಅದರಲ್ಲಿ ಅನುಮಾನವಿಲ್ಲ. 30ರ ಕೆಳಗೆ ಇದ್ದರೂ ಹೆಚ್ಚಿನ ವೈದ್ಯರು ಕಬ್ಬಿಣದ ಕೊರತೆ ಅಂತಲೇ ನೋಡುತ್ತಾರೆ. ಎಷ್ಟೋ ರಿಪೋರ್ಟುಗಳಲ್ಲಿ ನಾರ್ಮಲ್ 13ರಿಂದಲೇ ಶುರುವಾಗುತ್ತದೆ. ಹಾಗಾಗಿ 18 ಇರುವ ಹೆಣ್ಣುಮಗಳಿಗೂ ಕೆಂಪು ಗುರುತು ಬರುವುದಿಲ್ಲ. "ನಾರ್ಮಲ್" ಅನ್ನುವುದರ ಒಳಗಿನ ಮೊದಲ ಮೋಸ ಇದು.

ಎರಡನೆಯದು ಇನ್ನೂ ದೊಡ್ಡದು. ದೇಹದಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಗೋಡೌನಿಗೆ ಬೀಗ ಹಾಕಿದ ಹಾಗೆ. ಸೂಕ್ಷ್ಮಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕಲ್ವಾ, ಅವುಗಳ ಕೈಗೆ ಸಿಗದಿರಲಿ ಅಂತ ದೇಹ ಮಾಡಿಕೊಂಡ ಏರ್ಪಾಡು. ಕರುಳಿನಿಂದ ಹೊಸ ಕಬ್ಬಿಣ ಒಳಗೆ ಬರುವುದಿಲ್ಲ, ಇರುವುದು ಹೊರಗೆ ಹೋಗುವುದಿಲ್ಲ. ಜೊತೆಗೆ ಉರಿಯೂತವೇ ಫೆರಿಟಿನ್ ಅಂಕಿಯನ್ನು ಮೇಲೆ ತಳ್ಳುತ್ತದೆ. ಗೋಡೌನಿನಲ್ಲಿ ಹತ್ತು ಮೂಟೆ ಇದ್ದರೂ ಪುಸ್ತಕದಲ್ಲಿ ಅರವತ್ತು ಅಂತ ಬರೆದಿರುತ್ತದೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಸೋಂಕು ಅಥವಾ ಉರಿಯೂತ ಇರುವ ದೊಡ್ಡವರಿಗೆ ಗಡಿಯನ್ನು 15ರಿಂದ 70ಕ್ಕೆ ಏರಿಸಿದೆ. ಸಂಧಿವಾತ, ಕಿಡ್ನಿ ತೊಂದರೆ, ಹೃದಯದ ತೊಂದರೆ ಇರುವವರಲ್ಲಿ 100ರವರೆಗೂ ವೈದ್ಯರು ಅನುಮಾನದಿಂದಲೇ ನೋಡುತ್ತಾರೆ. ಡೆಂಗಿ, ಚಿಕನ್‌ಗುನ್ಯಾದಂಥ ಜ್ವರ ಬಂದು ಹೋದ ಮೇಲೂ ಕೆಲವು ವಾರ ಫೆರಿಟಿನ್ ಏರಿರಬಹುದು. ತುರ್ತಿಲ್ಲದಿದ್ದರೆ ಜ್ವರ ಪೂರ್ತಿ ಇಳಿದು ಸ್ವಲ್ಪ ದಿನ ಆದಮೇಲೆ ಮಾಡಿಸುವುದು ಒಳ್ಳೆಯದು.

ಬೀಗ ಬಿದ್ದಿದೆಯಾ ಅಂತ ಕಂಡುಹಿಡಿಯುವುದು

ದೊಡ್ಡಮ್ಮನ ಫೆರಿಟಿನ್ 58. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲು ಆಗುವುದಿಲ್ಲ, ಒಂದು ಗಂಟೆ ಬೇಕು ಅಂದರು. ಬೆರಳಿನ ಗಿಣ್ಣುಗಳು ಊದಿದ್ದವು. "ಬಳೆ ಏರಲ್ಲ ಮಗ, ಸೋಪು ಹಚ್ಚಿದ್ರೂ ಏರಲ್ಲ" ಅಂತ ಕೈ ತೋರಿಸಿದರು. ನನಗೆ ಅಲ್ಲೇ ಅನುಮಾನ ಬಂತು. ಮಾರನೇ ದಿನ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಅವರು ಬರೆದುಕೊಟ್ಟ ಪರೀಕ್ಷೆಗಳು ಎರಡು ಬಗೆಯವು.

ಒಂದು ಸಿಆರ್‌ಪಿ. ಇದು ಉರಿಯೂತದ ಅಳತೆ, 5ರ ಒಳಗೆ ಇರಬೇಕು. ಅವರದು 34 ಬಂತು.

ಇನ್ನೊಂದು ಕಬ್ಬಿಣದ ಪೂರ್ತಿ ಲೆಕ್ಕ, ಐರನ್ ಸ್ಟಡೀಸ್ ಅಂತ ಕೇಳಬೇಕು. ಗೋಡೌನಿನಿಂದ ಕಬ್ಬಿಣ ಸಾಗಿಸುವ ಲಾರಿ ಅಂದರೆ ಟ್ರಾನ್ಸ್‌ಫೆರಿನ್. ಲಾರಿಗಳು ಒಟ್ಟು ಎಷ್ಟು ಹೊರಬಲ್ಲವು ಅನ್ನುವುದು ಟಿಐಬಿಸಿ. ಈಗ ನಿಜವಾಗಿ ಎಷ್ಟು ಹೊತ್ತಿವೆ ಅನ್ನುವುದು ಸೀರಮ್ ಐರನ್. ದೊಡ್ಡಮ್ಮನ ಸೀರಮ್ ಐರನ್ 26, ಟಿಐಬಿಸಿ 262. 26ನ್ನು 262ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು ಶೇ. 10. ಇದಕ್ಕೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಅನ್ನುತ್ತಾರೆ. ಶೇ. 20ರ ಮೇಲೆ ಇರಬೇಕು. ಅಂದರೆ ಹತ್ತು ಲಾರಿ ಹೊರಟರೆ ಒಂಬತ್ತು ಖಾಲಿ.

ಈ ಪರೀಕ್ಷೆಯಲ್ಲಿ ತಪ್ಪಾಗುವ ಜಾಗವೂ ಇದೆ. ಕಬ್ಬಿಣದ ಮಾತ್ರೆ ನುಂಗಿ ಬಂದು ರಕ್ತ ಕೊಟ್ಟರೆ ಸೀರಮ್ ಐರನ್ ಸುಳ್ಳು ಸುಳ್ಳೇ ಮೇಲೇರುತ್ತದೆ. ಹಿಂದಿನ ದಿನ ಮಾತ್ರೆ, ಟಾನಿಕ್ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಿ. ದೊಡ್ಡಮ್ಮ ಟಾನಿಕ್ಕನ್ನು ಬೆಳಗಿನ ಕಾಫಿ ಜೊತೆಗೇ ಕುಡಿಯುತ್ತಿದ್ದರು. ಕಾಫಿ, ಟೀ ಜೊತೆ ತಗೊಂಡರೆ ಕಬ್ಬಿಣ ಒಳಗೆ ಹೋಗುವುದೇ ಕಡಿಮೆ. ಅದರ ಮೇಲೆ ಬೀಗ ಬೇರೆ.

ಉರಿಯೂತ ಒಂದೇ ಇದ್ದರೆ ಟಿಐಬಿಸಿ ಕಡಿಮೆಯಾಗುತ್ತದೆ, ಫೆರಿಟಿನ್ 100 ದಾಟಿರುತ್ತದೆ. ಕಬ್ಬಿಣದ ಕೊರತೆ ಒಂದೇ ಇದ್ದರೆ ಟಿಐಬಿಸಿ ಏರುತ್ತದೆ, ಫೆರಿಟಿನ್ 30ರ ಕೆಳಗೆ ಬೀಳುತ್ತದೆ. ದೊಡ್ಡಮ್ಮನದು ಎರಡರ ನಡುವೆ. ವೈದ್ಯರು ಎರಡೂ ಇದೆ ಅಂದರು. ಸಂಧಿವಾತದ ಉರಿಯೂತ ಒಂದು ಕಡೆ, ನಿಜವಾದ ಕಬ್ಬಿಣದ ಕೊರತೆ ಇನ್ನೊಂದು ಕಡೆ.

ಮುಟ್ಟು ನಿಂತು ಆರು ವರ್ಷ ಆದವರಿಗೆ ಕಬ್ಬಿಣ ಎಲ್ಲಿಂದ ಸೋರುತ್ತಿದೆ? ಮುಟ್ಟು ನಿಂತ ಹೆಂಗಸರಲ್ಲಿ, ಯಾವುದೇ ವಯಸ್ಸಿನ ಗಂಡಸರಲ್ಲಿ ಈ ಪ್ರಶ್ನೆ ಕೇಳಲೇಬೇಕು. ಸೋರುವ ಜಾಗ ಹೆಚ್ಚಾಗಿ ಹೊಟ್ಟೆ ಅಥವಾ ಕರುಳು. ಮಲ ಕಪ್ಪಗೆ ಹೋಗುತ್ತಿದೆ ಅಂತ ದೊಡ್ಡಮ್ಮ ಮೊದಲೇ ಒಬ್ಬರ ಹತ್ತಿರ ಹೇಳಿದ್ದರಂತೆ. "ಟಾನಿಕ್ ಕುಡಿದ್ರೆ ಹಂಗೇ ಆಗುತ್ತೆ" ಅಂತ ಕಳಿಸಿದ್ದರು. ಟಾನಿಕ್ಕಿನಿಂದ ಮಲ ಕಪ್ಪಾಗುವುದು ನಿಜ. ಆದರೆ ಅದು ಹಸಿರುಗಪ್ಪು, ಗಟ್ಟಿಯಾಗಿರುತ್ತದೆ. ರಕ್ತ ಸೋರಿ ಕಪ್ಪಾದದ್ದು ಟಾರಿನ ಹಾಗೆ ಮಿಂಚುತ್ತದೆ, ಅಂಟುತ್ತದೆ, ಕೆಟ್ಟ ವಾಸನೆ ಬರುತ್ತದೆ. ವೈದ್ಯರು ಹೀಗೆ ಬಿಡಿಸಿ ಕೇಳಿದಾಗ ದೊಡ್ಡಮ್ಮ ಎರಡನೆಯದೇ ಅಂದರು. ಎಂಡೋಸ್ಕೋಪಿಯಲ್ಲಿ ಜಠರದಲ್ಲಿ ಹುಣ್ಣು ಕಂಡಿತು. ಆರು ತಿಂಗಳು ವೈದ್ಯರನ್ನು ಕೇಳದೆ ನುಂಗಿದ ನೋವಿನ ಮಾತ್ರೆಯ ಕೆಲಸ ಅದು.

ಫೆರಿಟಿನ್ ನಾರ್ಮಲ್, ಸಿಆರ್‌ಪಿಯೂ ನಾರ್ಮಲ್ ಆದರೆ?

ಆಗ ಮತ್ತೆ ಎಂಸಿವಿಗೆ ವಾಪಸ್ ಬನ್ನಿ.

ಕಣ ಸಣ್ಣ ಇದ್ದು ಎಣಿಕೆ ಜಾಸ್ತಿ ಇದ್ದರೆ ಥಲಸ್ಸೇಮಿಯಾ ಟ್ರೈಟ್ ಇರಬಹುದು. ಇದು ಹಿಮೋಗ್ಲೋಬಿನ್ ತಯಾರಿಯಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸ, ಕಬ್ಬಿಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಒಬ್ಬಳು ಹುಡುಗಿಯ ರಿಪೋರ್ಟ್ ಚೆನ್ನಾಗಿ ನೆನಪಿದೆ. ಹಿಮೋಗ್ಲೋಬಿನ್ 11.4, ಎಂಸಿವಿ 63, ಆರ್‌ಬಿಸಿ 5.8, ಫೆರಿಟಿನ್ 48. ಹೈಸ್ಕೂಲಿನಿಂದಲೂ ಅವಳಿಗೆ ಬಿಟ್ಟು ಬಿಟ್ಟು ಕಬ್ಬಿಣದ ಮಾತ್ರೆ ಕೊಡುತ್ತಲೇ ಇದ್ದರು, ಅಂಕಿ ಮಾತ್ರ ಏರಲಿಲ್ಲ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡಿ: 63 ಭಾಗಿಸು 5.8, ಸುಮಾರು 11. ಇದು 13ರ ಕೆಳಗೆ ಬಂದರೆ ಥಲಸ್ಸೇಮಿಯಾ ಟ್ರೈಟ್ ಕಡೆಗೆ ವಾಲುತ್ತದೆ, ಮೇಲೆ ಬಂದರೆ ಕಬ್ಬಿಣದ ಕೊರತೆ ಕಡೆಗೆ. ದೊಡ್ಡಮ್ಮನದು 76 ಭಾಗಿಸು 4.0, ಅಂದರೆ 19. ಇದು ಸುಳಿವು ಮಾತ್ರ. ಖಚಿತವಾಗಲು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5ರ ಮೇಲೆ ಇದ್ದರೆ ಬೀಟಾ ಥಲಸ್ಸೇಮಿಯಾ ಟ್ರೈಟ್ ಅಂತ ಹೇಳುತ್ತಾರೆ. ಆ ಹುಡುಗಿಗೆ 5.2 ಬಂತು. ಆಲ್ಫಾ ಬಗೆಯದಾದರೆ ಎಚ್‌ಪಿಎಲ್‌ಸಿಯಲ್ಲಿ ಸಿಗದೇ ಹೋಗಬಹುದು.

ಟ್ರೈಟ್ ಇರುವವರಿಗೆ ಚಿಕಿತ್ಸೆ ಬೇಕಿಲ್ಲ. ಕೊರತೆ ಇಲ್ಲದೆ ಕಬ್ಬಿಣವನ್ನೂ ತಗೊಳ್ಳಬಾರದು. ಆದರೆ ಮದುವೆಗೆ ಮುಂಚೆ, ಇಲ್ಲವೇ ಮಗು ಬೇಕು ಅಂದುಕೊಂಡಾಗ ಸಂಗಾತಿಯೂ ಪರೀಕ್ಷೆ ಮಾಡಿಸಬೇಕು. ಇಬ್ಬರಿಗೂ ಬೀಟಾ ಟ್ರೈಟ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅಕ್ಕನ ಮಗಳು ಅಂತ ರಕ್ತಸಂಬಂಧದಲ್ಲಿ ಮದುವೆಯಾಗುವ ಮನೆಗಳಲ್ಲಿ ಇದನ್ನು ಮರೆಯಲೇಬಾರದು.

ಕಣ ದಪ್ಪ ಇದ್ದರೆ, ಎಂಸಿವಿ 100ರ ಮೇಲೆ ಇದ್ದರೆ, ಬಿ12 ಮತ್ತು ಫೋಲೇಟ್ ನೋಡಿಸಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆಯಾಗುವುದು ಜಾಸ್ತಿ. ಪಾದ ಜೋಮು ಹಿಡಿಯುವುದನ್ನು ಸಕ್ಕರೆ ಕಾಯಿಲೆಯದೇ ಅಂತ ತಿಳಿದು ಬಿಡುತ್ತಾರೆ, ಅದು ಬಿ12ರದ್ದೂ ಆಗಿರಬಹುದು. ಕುಡಿತ, ಯಕೃತ್ತಿನ ತೊಂದರೆ, ಥೈರಾಯ್ಡ್ ಕೂಡ ಕಣವನ್ನು ದಪ್ಪ ಮಾಡುತ್ತವೆ. ಕಬ್ಬಿಣ, ಬಿ12 ಎರಡೂ ಕಡಿಮೆ ಇದ್ದರೆ ಸಣ್ಣದು ದಪ್ಪದು ಸೇರಿ ಸರಾಸರಿ 88 ಅಂತ ಚೆನ್ನಾಗೇ ಕಾಣುತ್ತದೆ. ಆಗ ಏರಿದ ಆರ್‌ಡಿಡಬ್ಲ್ಯೂ ಒಂದೇ ಸುಳಿವು.

ಕಣದ ಗಾತ್ರ ಸರಿಯಿದ್ದರೆ ಮೊದಲು ಕಿಡ್ನಿಯ ಪರೀಕ್ಷೆಯಾದ ಕ್ರಿಯೇಟಿನಿನ್. ಹೊಸ ರಕ್ತ ಮಾಡು ಅಂತ ಮೂಳೆಮಜ್ಜೆಗೆ ಹೇಳುವ ಎರಿತ್ರೋಪೊಯೆಟಿನ್ ಹಾರ್ಮೋನ್ ಹುಟ್ಟುವುದು ಕಿಡ್ನಿಯಲ್ಲಿ. ಕಿಡ್ನಿ ಸೋತರೆ ಹೇಳುವವರಿಲ್ಲ. ಜೊತೆಗೆ ರೆಟಿಕ್ಯುಲೋಸೈಟ್ ಕೌಂಟ್ ಮಾಡಿಸುತ್ತಾರೆ, ಅದು ಹೊಸದಾಗಿ ಹುಟ್ಟಿದ ಕಣಗಳ ಎಣಿಕೆ. ಅದು ಏರಿದ್ದರೆ ರಕ್ತ ಎಲ್ಲೋ ಸೋರುತ್ತಿದೆ ಅಥವಾ ಒಡೆಯುತ್ತಿದೆ, ಇಳಿದಿದ್ದರೆ ಹುಟ್ಟುವುದೇ ಕಡಿಮೆ. ವಯಸ್ಸಾದವರಲ್ಲಿ ಬೆನ್ನು ಮೂಳೆ ನೋವು, ಉರಿಯೂತದ ಇನ್ನೊಂದು ಅಳತೆಯಾದ ಇಎಸ್‌ಆರ್ ತುಂಬಾ ಏರಿರುವುದು ಜೊತೆಗಿದ್ದರೆ ಮೈಲೋಮ ಎಂಬ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ಯಾವಾಗ ಕಾಯಬಾರದು

ಹಿಮೋಗ್ಲೋಬಿನ್ 7ರ ಕೆಳಗೆ ಇದ್ದರೆ, ಕೂತಲ್ಲೇ ಏದುಸಿರು ಅಥವಾ ಎದೆನೋವು ಬಂದರೆ, ಟಾರಿನಂಥ ಮಲ ಹೋದರೆ, ರಕ್ತ ವಾಂತಿಯಾದರೆ ಇನ್ನೊಂದು ಪರೀಕ್ಷೆಗೆ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ. ಬೆಲ್ಲ, ಬೀಟ್‌ರೂಟ್, ದಾಳಿಂಬೆ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ತಿನ್ನಬಹುದು. ಆದರೆ ಮಂಡ್ಯದ ಬೆಲ್ಲ ಎಷ್ಟೇ ಚೆನ್ನಾಗಿರಲಿ, 9.6ರಲ್ಲಿ ಇರುವವರನ್ನು ಅದು 12ಕ್ಕೆ ತರುವುದಿಲ್ಲ.

ದೊಡ್ಡಮ್ಮನಿಗೆ ನೋವಿನ ಮಾತ್ರೆ ನಿಲ್ಲಿಸಿದರು. ಹುಣ್ಣಿಗೆ, ಸಂಧಿವಾತಕ್ಕೆ ಬೇರೆ ಬೇರೆ ಔಷಧಿ ಶುರುವಾಯಿತು. ಬೀಗ ಬಿದ್ದಿರುವಾಗ ಬಾಯಿಂದ ಕೊಟ್ಟ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ ಅಂತ ಡ್ರಿಪ್ಪಿನಲ್ಲಿ ಕಬ್ಬಿಣ ಕೊಟ್ಟರು. ಡ್ರಿಪ್ ಆದಮೇಲೆ ಕೆಲವು ವಾರ ಫೆರಿಟಿನ್ ವಿಪರೀತ ಏರಿರುತ್ತದೆ, ಅದಕ್ಕೇ ಎಂಟು ವಾರ ಬಿಟ್ಟು ಮತ್ತೆ ರಕ್ತ ತೆಗೆದೆವು. ಹಿಮೋಗ್ಲೋಬಿನ್ 11.5, ಎಂಸಿವಿ 82, ಸಿಆರ್‌ಪಿ 7, ಸ್ಯಾಚುರೇಷನ್ ಶೇ. 24. ರಿಪೋರ್ಟ್ ಕೈಗೆ ಕೊಟ್ಟಾಗ ಅವರು ಹಿಮೋಗ್ಲೋಬಿನ್ ಕೇಳಲಿಲ್ಲ. "ಆ ಮುದ್ದೆ ಗಾತ್ರದ್ದು ಎಷ್ಟೈತೆ ನೋಡು" ಅಂದರು. ಆರ್‌ಡಿಡಬ್ಲ್ಯೂ ಇನ್ನೂ 16.1 ಇತ್ತು. ಹಳೆಯ ಸಣ್ಣ ಕಣಗಳು ಸತ್ತು ಹೊಸವು ತುಂಬಲು ಮೂರು ನಾಲ್ಕು ತಿಂಗಳು ಬೇಕು, ಮುಂದಿನ ರಿಪೋರ್ಟಿನಲ್ಲಿ ಇಳಿಯುತ್ತೆ ದೊಡ್ಡಮ್ಮ ಅಂದೆ.